ಭಟ್ಟರ ಮನೆಯ ಊಟ

ವಧೂವರರ ಜಾಲತಾಣದಲ್ಲಿ ಬರುವ ಮೊದಲ ಮೆಸೇಜು ನೋಡಿದ ಕೂಡಲೇ ಅಸಲಿಯೋ ನಕಲಿಯೋ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಗಂಡಾದ ನನಗೇ 'ನಿಮ್ಮ ಸುಪುತ್ರಿಯ ಪ್ರೊಫೈಲ್ ನಮಗೆಲ್ಲ ಹಿಡಿಸಿತು' ಎಂದು ಬಂದರೆ ಅದನ್ನು ಪತ್ತೆ ಹಚ್ಚಲು ಪಾಂಡಿತ್ಯ ಬೇಕಿಲ್ಲ ಬಿಡಿ. ಉಳಿದವಕ್ಕೆ ನನ್ನದೊಂದು ಪರೀಕ್ಷೆ: ಆ ಮೆಸೇಜನ್ನು ಪಕ್ಕದ ಮನೆ ಹುಡುಗನಿಗೆ ಕಳಿಸಿದರೂ ಒಪ್ಪುತ್ತದೆಯೇ? ಒಪ್ಪಿದರೆ ನಕಲು. 'ಪ್ರೊಫೈಲ್ ಇಷ್ಟವಾಯಿತು, ಜಾತಕ ಕಳಿಸಿ' ಎಂಬವನ್ನೆಲ್ಲ ಹೀಗೆ ಸಾಲಾಗಿ ತಿರಸ್ಕರಿಸಿದೆ.

ಅಮ್ಮ ಗೊಣಗಿದಳು, "ಅಲ್ಲ ಕಣೋ, ಹೆಣ್ಣು ಹೆತ್ತವರು ಇನ್ನೇನು ಕವನ ಬರೆದು ಕಳಿಸ್ತಾರಾ?"

ಅವಳ ಮಾತಿನಲ್ಲಿ ಹುರುಳಿತ್ತು. ದುಡ್ಡು ಕಟ್ಟದ ಸದಸ್ಯರಿಗೆ ಎಷ್ಟೋ ಕಡೆ ಸ್ವಂತದ ಮಾತು ಬರೆಯಲು ಅವಕಾಶವೇ ಇಲ್ಲ. 'ಆಸಕ್ತಿ ಇದೆ' ಗುಂಡಿ ಒತ್ತುತ್ತಾರೆ, ತಾಣವೇ ತನ್ನ ಸಿದ್ಧ ಸಾಲನ್ನು ಅವರ ಹೆಸರಲ್ಲಿ ಕಳಿಸುತ್ತದೆ. ಸಾಲು ನಕಲಾದರೂ ಒತ್ತಿದ ಬೆರಳು ಅಸಲಿ ಇರಬಹುದು. ಇದು ನನಗೆ ಗೊತ್ತಾಗುವಷ್ಟರಲ್ಲಿ ಆ ಬೆರಳುಗಳಿಗೆ ಉಂಗುರ ಬಿದ್ದಿತ್ತು.

ಕೊನೆಗೂ ನನ್ನ ಪರೀಕ್ಷೆಯಲ್ಲಿ ಪಾಸಾಗುವ ಮೆಸೇಜೊಂದು ಬಂತು. ಹುಡುಗಿಯೇ ಬರೆದಿದ್ದಳು: 'ನಿಮಗೂ ಚಾರಣ ಇಷ್ಟ ಅಂತ ಓದಿ ಖುಷಿಯಾಯಿತು. ಕುಮಾರಪರ್ವತ ಹತ್ತಿದ್ದೀರಂತೆ. ಕುಕ್ಕೆ ಕಡೆಯಿಂದಲೋ, ಸೋಮವಾರಪೇಟೆ ಕಡೆಯಿಂದಲೋ?'

ನೋಡಿ, ಇದು ಅಪ್ಪಟ. 'ಚಾರಣ ಇಷ್ಟ' ಎಂದಷ್ಟೇ ಇದ್ದಿದ್ದರೆ ನಾನು ನಂಬುತ್ತಿರಲಿಲ್ಲ. ಹವ್ಯಾಸದ ಹೆಸರು ಮಾತ್ರ ಬದಲಿಸಿ ಹತ್ತು ಜನಕ್ಕೆ ಕಳಿಸುವ ಚಾಲಾಕಿಗಳೂ ಇದ್ದಾರೆ. ಆದರೆ ಉತ್ತರ ಬಯಸುವ ಇಂಥ ಪ್ರಶ್ನೆಯನ್ನು ಪ್ರೊಫೈಲ್ ಪೂರ್ತಿ ಓದಿದವರು ಮಾತ್ರ ಕೇಳಲು ಸಾಧ್ಯ.

ತೊಂದರೆ ಏನೆಂದರೆ, ಆ ಪ್ರೊಫೈಲನ್ನು ನಾನೇ ಪೂರ್ತಿ ಓದಿರಲಿಲ್ಲ. ಚಿಕ್ಕಮ್ಮನ ಮಗ ತನ್ನದನ್ನೇ ಕಾಪಿ ಮಾಡಿ, ಎತ್ತರ ಮತ್ತು ಸಂಬಳ ತಿದ್ದಿ ಹಾಕಿದ್ದ. ನನ್ನ ಚಾರಣವೆಂದರೆ ಲಿಫ್ಟು ಕೆಟ್ಟ ದಿನ ಮೂರನೇ ಮಹಡಿ.

ಆದರೂ ಬಿಡಲಿಲ್ಲ. ಇಂಟರ್ನೆಟ್ಟಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಓದಿ ಬರೆದೆ: 'ಸೋಮವಾರಪೇಟೆ ಕಡೆಯಿಂದ. ಹತ್ತುವಾಗ ದಾರಿಯಲ್ಲಿ ಭಟ್ಟರ ಮನೆಯಲ್ಲಿ ಊಟ ಮಾಡಿದೆವು, ಆ ಸಾಂಬಾರಿನ ರುಚಿ ಇನ್ನೂ ನಾಲಿಗೆಯಲ್ಲಿದೆ.'

ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಭಟ್ಟರ ಮನೆ ಇರೋದು ಕುಕ್ಕೆ ಕಡೆ ದಾರಿಯಲ್ಲಿ. ನೀವು ಶಿಖರ ದಾಟಿ ಆ ಕಡೆ ಇಳಿದು, ಉಂಡು, ಮತ್ತೆ ಹತ್ತಿದಿರಾ? ಈ ಪ್ರಶ್ನೆ ಎಲ್ಲರಿಗೂ ಕೇಳ್ತೀನಿ. ಪ್ರೊಫೈಲ್ ಯಾರು ಬರೆದದ್ದು ಅಂತ ಗೊತ್ತಾಗುತ್ತೆ.'

ಕೆಳಗೆ ತಾಣದ ಸಿದ್ಧ ಸಾಲು: 'ಸದಸ್ಯರು ನಿಮ್ಮ ಪ್ರಸ್ತಾಪವನ್ನು ನಿರಾಕರಿಸಿದ್ದಾರೆ. ನಿಮ್ಮ ಹುಡುಕಾಟಕ್ಕೆ ಶುಭವಾಗಲಿ.'

ಈಗ ಚಾರಣ ತೆಗೆದು 'ವಾಕಿಂಗ್' ಎಂದು ಹಾಕಿದ್ದೇನೆ. ಯೋಗ್ಯ ಕನ್ಯೆಯರು ಸಂಪರ್ಕಿಸಬಹುದು, ಯಾವ ಪಾರ್ಕು ಎಂದು ಮಾತ್ರ ಕೇಳಬಾರದಾಗಿ ವಿನಂತಿ.