ಎರಡು ಸ್ಟ್ರಿಪ್ ಎಲ್ಲಿ?

ನಮ್ಮ ಅಂಗಡಿಯ ಗೋಡೆಯ ಮೇಲೆ ನಡುವೆ ಲಕ್ಷ್ಮಿ, ಎಡಬಲಕ್ಕೆ ಕಾವಲುಗಾರರಂತೆ ಫಾರಂ 20ಬಿ ಮತ್ತು ಫಾರಂ 21ಬಿ. ಮೊದಲನೆಯದು ಸಾಮಾನ್ಯ ಔಷಧಿಗಳ ಸಗಟು ಲೈಸೆನ್ಸು, ಎರಡನೆಯದು ಇನ್ಸುಲಿನ್, ಲಸಿಕೆಯಂಥವುಗಳದ್ದು. ಬಂದವರಿಗೆ ಎದ್ದು ಕಾಣುವಂತೆ ತೂಗುಹಾಕಬೇಕೆಂಬುದು ಕಾನೂನು. ಊದುಬತ್ತಿ ಮೂವರಿಗೂ ಸಲ್ಲುತ್ತದೆ.

ಲೈಸೆನ್ಸಿನಲ್ಲಿ ಹಳೆಯ ತಾರೀಖು ನೋಡಿ, "ಅವಧಿ ಮುಗಿದಿದೆಯಲ್ಲ ಸ್ವಾಮಿ!" ಎಂದು ಗಾಬರಿಯಾಗುವವರು ಈಗಲೂ ಇದ್ದಾರೆ. 2017ರ ತಿದ್ದುಪಡಿಯಾದ ಮೇಲೆ ಲೈಸೆನ್ಸನ್ನು ನವೀಕರಿಸುವ ಗೋಜಿಲ್ಲ. ಐದು ವರ್ಷಕ್ಕೊಮ್ಮೆ ರಿಟೆನ್ಷನ್ ಫೀ ಕಟ್ಟಿದರೆ ಅದೇ ಕಾಗದ ಮುಂದುವರಿಯುತ್ತದೆ. ಹಾಗಾಗಿ ಚೌಕಟ್ಟಿನೊಳಗಿರುವ ಕಾಗದಕ್ಕಿಂತ ಅದರ ಹಿಂದೆ ಸಿಕ್ಕಿಸಿಟ್ಟ ಚಲನ್ನಿಗೇ ಬೆಲೆ ಜಾಸ್ತಿ. ಡ್ರಗ್ ಇನ್ಸ್‌ಪೆಕ್ಟರ್ ಮೊದಲು ಕೇಳುವುದೂ ಅದನ್ನೇ.

ಆಮೇಲೆ ಅವರು ಜೇಬಿನಿಂದ ಒಂದು ಚೀಟಿ ತೆಗೆಯುತ್ತಾರೆ. ಅದರಲ್ಲಿ ಒಂದು ಬ್ಯಾಚ್ ನಂಬರ್ ಇರುತ್ತದೆ. ಕಳೆದ ಸಲ ಬಂದದ್ದು ಒಂದು ಗ್ಯಾಸ್ಟ್ರಿಕ್ ಮಾತ್ರೆಯ ಬ್ಯಾಚು. ಎಲ್ಲೋ ಯಾವುದೋ ಪರೀಕ್ಷೆಯಲ್ಲಿ ಅದರ ಗುಣಮಟ್ಟ ಸರಿಯಿಲ್ಲವೆಂದು ಬಂದಿತ್ತಂತೆ. "ಯಾರಿಂದ ತಗೊಂಡ್ರಿ, ಎಷ್ಟು ತಗೊಂಡ್ರಿ, ಯಾರಿಗೆ ಕೊಟ್ರಿ, ಎಷ್ಟು ಉಳಿದಿದೆ?" ನಾಲ್ಕೇ ಪ್ರಶ್ನೆ, ಎಸ್ಸೆಸ್ಸೆಲ್ಸಿಗಿಂತ ಕಠಿಣ.

ನಮ್ಮ ಲೆಕ್ಕದ ರಾಯರು ಕನ್ನಡಕ ಏರಿಸಿ ಪರ್ಚೇಸ್ ಫೈಲು ಬಿಡಿಸಿದರು. ಮೊದಲ ಇನ್‌ವಾಯ್ಸಿನಲ್ಲಿ 100 ಸ್ಟ್ರಿಪ್ ಬಂದಿತ್ತು, ಹತ್ತಕ್ಕೆ ಒಂದು ಫ್ರೀ ಎಂಬ ಸ್ಕೀಮಿನ 10 ಜೊತೆಗೆ. ಎರಡನೆಯದರಲ್ಲಿ 50, ಫ್ರೀ 5. ಫ್ರೀ ಬಂದದ್ದಕ್ಕೂ ಬ್ಯಾಚ್ ಇರುತ್ತದೆ, ಅದೂ ಲೆಕ್ಕಕ್ಕೆ ಬರಬೇಕು. ಇದನ್ನು ಮರೆತವರ ಸ್ಟಾಕು ಯಾವತ್ತೂ ಕೂಡುವುದಿಲ್ಲ. ಒಟ್ಟು 165. ಮಾರಿದ್ದು 120, ವಾಪಸ್ ಬಂದದ್ದು 5. ಉಳಿಯಬೇಕಾದದ್ದು 50. ಹುಡುಗ ಎಣಿಸಿ ಬಂದು, "ನಲ್ವತ್ತೆಂಟು ಐತಣ್ಣಾ" ಎಂದ.

ಇನ್ಸ್‌ಪೆಕ್ಟರ್ ಏನೂ ಮಾತಾಡಲಿಲ್ಲ. ಪೆನ್ನಿನ ಕ್ಯಾಪು ಮಾತ್ರ ತೆಗೆದರು.

ರಾಯರು ಹಳೆಯ ಹುಲಿ. "ಪಕ್ಕದ ಬ್ಯಾಚ್ ಎಣ್ಸೋ" ಎಂದರು. ಅದೇ ಮಾತ್ರೆಯ ಇನ್ನೊಂದು ಬ್ಯಾಚು ಕಂಪ್ಯೂಟರಿನಲ್ಲಿ 30, ರ‍್ಯಾಕಿನಲ್ಲಿ 32. ಎರಡೂ ಬ್ಯಾಚ್ ಸೇರಿಸಿದರೆ ಲೆಕ್ಕ ಸರಿ, ಬಿಡಿಸಿದರೆ ತಪ್ಪು. ಹೀಗಾದರೆ ಅದು ಕಳ್ಳತನವಲ್ಲ, ಸೋರಿಕೆಯಲ್ಲ, ಬಿಲ್ಲಿಂಗಿನ ಕಿತಾಪತಿ. ಸಾಫ್ಟ್‌ವೇರು ಬೇಗ ಎಕ್ಸ್‌ಪೈರಿ ಆಗುವ ಬ್ಯಾಚನ್ನು ತಾನೇ ಬಿಲ್ಲಿಗೆ ಹಾಕುತ್ತದೆ. ಹುಡುಗ ಕೈಗೆ ಸಿಕ್ಕ ಡಬ್ಬಿಯಿಂದ ತೆಗೆದು ಕಟ್ಟುತ್ತಾನೆ.

ಹಾಗಿದ್ದರೆ ಆ ಎರಡು ಸ್ಟ್ರಿಪ್ ಯಾರ ಅಂಗಡಿಗೆ ಹೋದವು? ಪಕ್ಕದ ಬ್ಯಾಚಿನ ಹೆಸರಲ್ಲಿ ಎರಡೇ ಸ್ಟ್ರಿಪ್ ಹಾಕಿದ್ದ ಬಿಲ್ಲುಗಳನ್ನು ರಾಯರು ಹುಡುಕಿ ಫೋನ್ ಮಾಡಿದರು. ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನವರು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು: ಸ್ಟ್ರಿಪ್ಪಿನ ಬೆನ್ನ ಮೇಲೆ ನಮಗೆ ಬೇಕಾದ ನಂಬರೇ. ನಾವು ಬಿಲ್ಲನ್ನು ನೆಚ್ಚಿಕೊಂಡು ಕೂತಿದ್ದರೆ ವಾಪಸ್ ತರಿಸುವವರ ಪಟ್ಟಿಯಲ್ಲಿ ಆ ಅಂಗಡಿ ಬರುತ್ತಲೇ ಇರಲಿಲ್ಲ, ಮಾತ್ರೆ ಯಾರದೋ ಹೊಟ್ಟೆ ಸೇರುತ್ತಿತ್ತು. ಇನ್ಸ್‌ಪೆಕ್ಟರ್ ಉಳಿದ 48ನ್ನು ಮಾರಕೂಡದೆಂದು ಫಾರಂ 15 ಬರೆದುಕೊಟ್ಟರು.

ಮಾತ್ರೆ ಕೆಟ್ಟದ್ದಾದರೆ ನನ್ನ ಗತಿಯೇನು? ಲೈಸೆನ್ಸಿದ್ದವರಿಂದಲೇ ತಂದಿದ್ದೇನೆ, ವಿಚಾರಿಸಿಯೂ ದೋಷ ಗೊತ್ತಾಗುವಂತಿರಲಿಲ್ಲ, ಬಂದ ಹಾಗೇ ಸರಿಯಾಗಿ ಇಟ್ಟಿದ್ದೇನೆ ಎಂದು ತೋರಿಸಿದರೆ ಕಾನೂನು ನನ್ನನ್ನು ಬಿಡುತ್ತದೆ. ತೋರಿಸುವುದು ಪರ್ಚೇಸ್ ಬಿಲ್ಲಿನಿಂದಲೇ. ಆಗಾಗ ಒಬ್ಬ ಮಹಾನುಭಾವ ಬೈಕಿನಲ್ಲಿ ಬಂದು, "ಬಿಲ್ ಬೇಡ ಅಂದ್ರೆ ಆರು ಪರ್ಸೆಂಟ್ ಕಮ್ಮಿ ಮಾಡ್ಕೊಡ್ತೀನಿ ಸಾರ್" ಎನ್ನುತ್ತಾನೆ. ಆರು ಪರ್ಸೆಂಟಿಗೆ ಜೈಲಿನ ದಾರಿ ಅಗ್ಗವೋ ದುಬಾರಿಯೋ ಎಂದು ರಾಯರು ಅವನನ್ನೇ ಕೇಳುತ್ತಾರೆ. ಬಿಲ್ಲುಗಳನ್ನು ಮೂರು ವರ್ಷ ಇಡಬೇಕು. ರಾಯರು ನಾಲ್ಕು ವರ್ಷದ್ದನ್ನೂ ಕೊಡದೆ ಕೂತಿದ್ದಾರೆ, ರದ್ದಿಯವನಿಗೆ ಅವರ ಮುಖ ಕಂಡರಾಗದು.

ಕಡೆಗೆ ಇನ್ಸ್‌ಪೆಕ್ಟರ್ ಫ್ರಿಜ್ಜಿನ ಬಾಗಿಲು ತೆಗೆದರು. ಥರ್ಮಾಮೀಟರ್ ಐದು ಡಿಗ್ರಿ. ಎರಡರಿಂದ ಎಂಟರೊಳಗೆ ಇರಬೇಕಾದ್ದು ಇತ್ತು. ಟೆಂಪರೇಚರ್ ಪುಸ್ತಕವೂ ಬರೆದಿತ್ತು. ಇನ್ಸುಲಿನ್ ಪೆಟ್ಟಿಗೆಗಳ ಹಿಂದೆ ಬಾಳೆ ಎಲೆಯಲ್ಲಿ ಸುತ್ತಿಟ್ಟ ಎರಡು ಮಾರು ಮಲ್ಲಿಗೆಯೂ ಇತ್ತು. ರಾಯರು ಮನೆಯವರಿಗೆಂದು ಮಧ್ಯಾಹ್ನ ತಂದಿಟ್ಟದ್ದು.

"ಇದರ ಪರ್ಚೇಸ್ ಬಿಲ್?" ಎಂದರು ಇನ್ಸ್‌ಪೆಕ್ಟರ್.

"ಹೂವಿನವಳು ಬಿಲ್ ಕೊಡಲ್ಲ ಸಾರ್" ಎಂದರು ರಾಯರು.

ಫಾರಂ 35ರ ಇನ್ಸ್‌ಪೆಕ್ಷನ್ ಪುಸ್ತಕದಲ್ಲಿ ಈಗ ಬ್ಯಾಚಿನ ವಿಷಯದ ಕೆಳಗೆ ಇನ್ನೊಂದು ಸಾಲಿದೆ: ಶೀತಕದಲ್ಲಿ ಔಷಧಿಯಲ್ಲದ ವಸ್ತು ಇಡತಕ್ಕದ್ದಲ್ಲ. ಅದರ ಕೆಳಗೆ ನಾನು ಸಹಿ ಹಾಕಿದ್ದೇನೆ; ಹೂವನ್ನು ರಾಯರು ಸೈಕಲ್ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋದರು.