ಮಿಕ್ಸಿ ಬೋರಲು ಹಾಕಿದ ರಾಯರು

ಪ್ರತಿ ಬಡಾವಣೆಗೂ ಒಬ್ಬ ವಾರಂಟಿ ರಾಯರು ಇದ್ದೇ ಇರುತ್ತಾರೆ. ಮಿಕ್ಸಿ ತಂದು ಮೂರು ವರ್ಷವಾದರೂ ಅದರ ರಟ್ಟಿನ ಡಬ್ಬ ಥರ್ಮೋಕೋಲ್ ಸಮೇತ ಅವರ ಅಟ್ಟದ ಮೇಲಿರುತ್ತದೆ. ಬಿಲ್ಲು ಮಾಸದಿರಲೆಂದು ಲ್ಯಾಮಿನೇಷನ್ ಮಾಡಿಸುತ್ತಾರೆ. ಅಂಗಡಿಯವರು ಹರಿದುಕೊಡುವ ಆ ನುಣುಪು ಕಾಗದ ಶಾಖ ತಗುಲಿದರೆ ಕಪ್ಪಾಗುವ ಜಾತಿಯದು. ಲ್ಯಾಮಿನೇಷನ್ ಯಂತ್ರದಿಂದ ಹೊರಬರುವುದು ಕಾಡಿಗೆ ಬಳಿದ ಪಟ್ಟಿ. ಅದನ್ನೂ ಫೈಲಿಗೆ ಸೇರಿಸುತ್ತಾರೆ. ಇವರನ್ನು ಜಿಪುಣರೆಂದು ನಗುವವರಲ್ಲಿ ನಾನೂ ಒಬ್ಬ. ಆದರೂ ನ್ಯಾಯವಾಗಿ ಯೋಚಿಸಿದರೆ, ಮಿಕ್ಸಿಗೆ ಎರಡು ವರ್ಷ, ಮೋಟರಿಗೆ ಐದು ವರ್ಷ ಎಂದು ಡಬ್ಬದ ಮೇಲೆ ಅಚ್ಚು ಹಾಕಿ ಮಾರಿದವರಿಗೆ ಆ ಮಾತನ್ನು ನೆನಪಿಸುವುದರಲ್ಲಿ ಜಿಪುಣತನವೇನೂ ಇಲ್ಲ. ನನ್ನ ತಕರಾರು ರಾಯರ ಹಟದ ಮೇಲಲ್ಲ, ಅವರು ಕಸ್ಟಮರ್ ಕೇರಿಗೆ ಬರೆಯುವ ಪತ್ರದ ಮೇಲೆ. ಪತ್ರದ ಬಲವೆಲ್ಲ ತಮ್ಮ ಗದ್ಯದಲ್ಲಿದೆ ಎಂದು ಅವರು ನಂಬಿದ್ದಾರೆ. ಅದು ಇರುವುದು ಕೊನೆಯಲ್ಲಿ ಲಗತ್ತಿಸಿದ ಲೇಬಲ್ಲಿನ ಫೋಟೋದಲ್ಲಿ.

ಪತ್ರ ಹೀಗಿರುತ್ತದೆ: ‘ಮಾನ್ಯರೇ, ತಮ್ಮ ಸಂಸ್ಥೆಯ ಮೇಲಿನ ಅಪಾರ ವಿಶ್ವಾಸದಿಂದ ಖರೀದಿಸಿದ 750 ವ್ಯಾಟ್ ಮಿಕ್ಸಿಯು ದಿನಾಂಕ 12ರ ಬೆಳಿಗ್ಗೆ ಉದ್ದಿನ ಬೇಳೆ ರುಬ್ಬುವಾಗ ಹಠಾತ್ತನೆ ನಿಂತಿದ್ದು…’ ಇಲ್ಲಿಂದ ಮುಂದೆ ಒಂದೂವರೆ ಪುಟ ಬೇಳೆ ನೆನೆಹಾಕಿದ ಹೊತ್ತು, ಬಂದಿದ್ದ ನೆಂಟರು, ಆದ ಮುಜುಗರ. ಸೀರಿಯಲ್ ನಂಬರ್ ಬರುವುದು ರುಜುವಿನ ಕೆಳಗೆ, ಜಾಗ ಉಳಿದಿದ್ದರೆ. ಅದೂ ತಪ್ಪಾಗಿ. ಮಿಕ್ಸಿಯನ್ನು ಬೋರಲು ಹಾಕಿ, ಅಡಿಯ ಬೆಳ್ಳಿ ಬಣ್ಣದ ಸ್ಟಿಕ್ಕರಿಗೆ ಎದುರಾಗಿ ಫ್ಲ್ಯಾಶ್ ಹೊಡೆದು ಫೋಟೋ ತೆಗೆದರೆ, ನಂಬರಿನ ನಡುವೆಯೇ ಒಂದು ಬಿಳಿಯ ಸೂರ್ಯ ಮೂಡುತ್ತಾನೆ. ಲೇಬಲ್ಲಿನಲ್ಲಿ 2408B05173 ಎಂದಿದೆ ಎನ್ನಿ. ಅನೇಕ ಕಂಪನಿಗಳ ಪದ್ಧತಿಯಂತೆ ಮೊದಲ ನಾಲ್ಕು ಅಂಕಿ ತಯಾರಾದ ವರ್ಷ, ತಿಂಗಳು: 2024ರ ಆಗಸ್ಟ್. ರಾಯರು ಫೋಟೋ ನೋಡಿ 2408805173 ಎಂದು ಬರೆಯುತ್ತಾರೆ. ಬಿ ಎಂಟಾಯಿತು, ಅಂಥ ಮಿಕ್ಸಿ ಹುಟ್ಟಿಯೇ ಇಲ್ಲ ಎನ್ನುತ್ತದೆ ಅಲ್ಲಿಯ ಕಂಪ್ಯೂಟರ್. ವಾಹನಗಳ 17 ಅಕ್ಷರದ ಚಾಸಿ ನಂಬರಿನಲ್ಲಿ ಒಂದು ಮತ್ತು ಸೊನ್ನೆಯೊಡನೆ ಗೊಂದಲವಾದೀತೆಂದು ಐ, ಓ, ಕ್ಯೂ ಅಕ್ಷರಗಳನ್ನೇ ಬಳಸುವುದಿಲ್ಲ. ಮಿಕ್ಸಿಗೆ ಅಂಥ ಕಟ್ಟುಪಾಡಿಲ್ಲ. ಚಟ್ನಿಯ ಕಲೆ ಒರೆಸಿ, ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ತುಸು ಓರೆಯಾಗಿ ಫೋಟೋ ತೆಗೆದು, ಅಟ್ಟದ ಡಬ್ಬದ ಬಾರ್‌ಕೋಡಿನ ಕೆಳಗೆ ಅದೇ ನಂಬರ್ ಇದೆಯೇ ಎಂದು ತಾಳೆ ನೋಡಿದರೆ ಮುಗಿಯಿತು. ಡಬ್ಬ ಇಟ್ಟದ್ದಕ್ಕೆ ಸಾರ್ಥಕವಾಗುವ ಒಂದೇ ಗಳಿಗೆ ಅದು, ಆಗಲೇ ರಾಯರಿಗೆ ಅಟ್ಟ ಹತ್ತಲು ಬೇಸರ.

ಬಿಲ್ಲಿದ್ದ ಮೇಲೆ ನಂಬರೇಕೆ ಎಂದು ರಾಯರು ವಾದಿಸುತ್ತಾರೆ. ಬಿಲ್ಲು ಹೇಳುವುದು ಯಾವತ್ತು ಕೊಂಡಿರಿ ಎಂದಷ್ಟೇ. ಕೊಂಡ ಮಿಕ್ಸಿ ಇದೇ, ಷಡ್ಡಕನ ಮನೆಯ ಹಳೆಯದಲ್ಲ ಎನ್ನಲು ನಂಬರ್ ಬೇಕು. ಅದಕ್ಕೇ ಕೊಳ್ಳುವಾಗಲೇ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ಹಾಗಾದರೆ ಫೋಟೋ ಒಂದೇ ಸಾಲದೇ, ಬರೆಯುವುದೇಕೆ? ಇದು ಒಪ್ಪತಕ್ಕ ಪ್ರಶ್ನೆ. ಆದರೆ ಗುಮಾಸ್ತೆ ಕಂಪ್ಯೂಟರಿನಲ್ಲಿ ಹುಡುಕುವುದು ಬರೆದ ನಂಬರನ್ನು. ಅದು ಸಿಗದಿದ್ದಾಗ ತಿದ್ದಿಕೊಳ್ಳಲು ಫೋಟೋ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ. ನೆಂಟರ ಮುಜುಗರ ಎರಡಕ್ಕೂ ಒದಗುವುದಿಲ್ಲ. ಅದನ್ನು ಬರೆಯದಿದ್ದರೆ ರಾಯರಿಗೆ ಪತ್ರ ಬರೆದಂತೆಯೇ ಅನ್ನಿಸುವುದಿಲ್ಲ ಎಂಬುದು ಬೇರೆ ಮಾತು. ಮಕ್ಕಳು ದೂರದೂರಿನಲ್ಲಿದ್ದು ಫೋನಿನಲ್ಲಿ ಎರಡೇ ನಿಮಿಷ ಮಾತಾಡುವಾಗ, ಉದ್ದಿನ ಬೇಳೆಯ ಕಥೆಯನ್ನು ಪೂರ್ತಿ ಕೇಳುವ ಜವಾಬ್ದಾರಿ ಹೊತ್ತವರು ಕಸ್ಟಮರ್ ಕೇರಿನವರೊಬ್ಬರೇ ಎಂದು ಅವರು ತಿಳಿದಿರಬಹುದು.

ಫೋಟೋ ಪತ್ರಕ್ಕಿಂತ ಹೆಚ್ಚು ಬಲ್ಲದ್ದು ಎನ್ನಲು ಇನ್ನೊಂದು ಸಾಕ್ಷಿಯಿದೆ. ಬಹುಪಾಲು ಮಿಕ್ಸಿಗಳ ಅಡಿಯಲ್ಲಿ ಓವರ್‌ಲೋಡ್ ಸ್ವಿಚ್ಚಿನ ಒಂದು ಪುಟ್ಟ ಗುಂಡಿ ಇರುತ್ತದೆ, ಹೆಚ್ಚಾಗಿ ಕೆಂಪು. ನೀರು ಸಾಲದೆ ಹಿಟ್ಟು ಗಟ್ಟಿಯಾಗಿ ಮೋಟರಿನ ಮೇಲೆ ಭಾರ ಬಿದ್ದರೆ ಅದು ಹೊರಕ್ಕೆ ಚಿಮ್ಮಿ ಕರೆಂಟು ತಡೆಯುತ್ತದೆ. ಪ್ಲಗ್ ಕಿತ್ತು, ಕೆಲವು ನಿಮಿಷ ಆರಲು ಬಿಟ್ಟು, ಒಳಕ್ಕೆ ಒತ್ತಿದರೆ ಮಿಕ್ಸಿ ಮತ್ತೆ ಓಡುತ್ತದೆ. ಒತ್ತಿದ ಮೇಲೂ ಸುಟ್ಟ ವಾಸನೆ ಬಂದರೆ, ಖಾಲಿ ಜಾರಿಗೂ ಗುಂಡಿ ಚಿಮ್ಮಿದರೆ ಆಗ ಮೋಟರಿನ ಮಾತು. ರಾಯರ ಮೂರನೆಯ ಜ್ಞಾಪನಾ ಪತ್ರ ಬಂದಾಗ, ನಂಬರಿನ ಬಿ ಕಾಣಿಸೀತೇ ಎಂದು ಫೋಟೋವನ್ನು ಹಿಗ್ಗಿಸುವ ಕಸ್ಟಮರ್ ಕೇರಿನ ಹುಡುಗಿಗೆ ಲೇಬಲ್ಲಿನ ಪಕ್ಕದಲ್ಲೇ ಕೆಂಪು ಗುಂಡಿ ಅರ್ಧ ಬೆರಳು ಹೊರಗೆ ನಿಂತಿರುವುದು ಕಾಣುತ್ತದೆ. ಅವಳು ಫೋನು ಮಾಡಿ, ‘ಸರ್, ಆ ಗುಂಡಿ ಒಂದ್ಸಲ ಒತ್ತಿ ನೋಡ್ತೀರಾ?’ ಎನ್ನುತ್ತಾಳೆ. ‘ಒತ್ತುತ್ತೇನಮ್ಮಾ, ಮೊದಲು ಆವತ್ತು ಏನಾಯಿತು ಅಂದರೆ…’ ಎಂದು ರಾಯರು ಕುರ್ಚಿ ಎಳೆದುಕೊಳ್ಳುತ್ತಾರೆ.