ನಕ್ಷತ್ರ ನೋಡಿ ಗಡಿಯಾರ ಕೊಳ್ಳಿ

ಡಬ್ಬಿಯ ಮೇಲೆ 6,999 ಎಂದು ಅಚ್ಚು ಹಾಕಿ, ಅದರ ಕತ್ತಿಗೆ ಅಡ್ಡಲಾಗಿ ಒಂದು ಗೆರೆ ಎಳೆದಿರುತ್ತಾರೆ. ಪಕ್ಕದಲ್ಲಿ 1,499. ಈ ಸ್ಮಾರ್ಟ್‌ವಾಚನ್ನು 6,999 ಕೊಟ್ಟು ಕೊಂಡವನು ಇನ್ನೂ ಹುಟ್ಟಿರಲಾರ. ಆದರೂ 5,500 ರೂಪಾಯಿ ಉಳಿಸಿದೆವೆಂಬ ಸಂಭ್ರಮದಲ್ಲಿ ನಾವು ಡಬ್ಬಿಯ ಹಿಂಭಾಗವನ್ನು ತಿರುಗಿಸಿ ನೋಡುವುದಿಲ್ಲ. ಮದುವೆಗೆ ಮುಂಚೆ ನಕ್ಷತ್ರ ಕೇಳುವ ಜನ ನಾವು. ಆದರೆ ‘7 ದಿನ ಬ್ಯಾಟರಿ’ ಎಂಬುದರ ತಲೆಯ ಮೇಲೆ ಕೂತಿರುವ ಸಾಸಿವೆ ಗಾತ್ರದ ನಕ್ಷತ್ರ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಂಪನಿಗೆ ಗೊತ್ತಿರುವ ಸತ್ಯವೆಲ್ಲ ಸಂಸಾರ ಹೂಡಿರುವುದು ಅಲ್ಲೇ.

ಆ ನಕ್ಷತ್ರದ ಜಾಡು ಹಿಡಿದು ಡಬ್ಬಿಯ ತಳಕ್ಕೆ ಹೋದರೆ, ಇರುವೆ ಮಾತ್ರ ಓದಬಲ್ಲ ಅಕ್ಷರದಲ್ಲಿ ಹೀಗಿರುತ್ತದೆ: ಬ್ಲೂಟೂತ್ ಕಾಲಿಂಗ್ ಬಳಸಿದರೆ 2 ದಿನ. ಲೆಕ್ಕ ಹಾಕೋಣ. ಬ್ಯಾಟರಿ 280 ಎಂಎಎಚ್ ಅಂದುಕೊಳ್ಳಿ. ಏಳು ದಿನ ಅಂದರೆ 168 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 1.7 ಎಂಎಎಚ್ ಬರುತ್ತದೆ. ಇಷ್ಟರಲ್ಲಿ ವಾಚು ಬದುಕಬೇಕಾದರೆ ಪರದೆ ಬಹುಪಾಲು ಹೊತ್ತು ಕತ್ತಲಾಗಿರಬೇಕು, ನಾಡಿ ಆಗೊಮ್ಮೆ ಈಗೊಮ್ಮೆ ನೋಡಬೇಕು, ನಿಮಗೆ ಯಾರೂ ಫೋನ್ ಮಾಡಬಾರದು. ಎರಡೇ ದಿನದಲ್ಲಿ ಖಾಲಿಯಾದರೆ ಗಂಟೆಗೆ 5.8 ಖರ್ಚಾಯಿತು ಎಂದರ್ಥ. ಡಬ್ಬಿಯ ಮುಂಭಾಗದಲ್ಲಿ ಕಾಲಿಂಗ್ ದೊಡ್ಡ ಅಕ್ಷರದಲ್ಲಿದೆ, ಏಳು ದಿನವೂ ದೊಡ್ಡ ಅಕ್ಷರದಲ್ಲಿದೆ. ಎರಡೂ ನಿಜವೇ, ಒಂದೇ ವಾರದಲ್ಲಿ ಅಲ್ಲ ಅಷ್ಟೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ದಿನ ಬರುತ್ತೆ’ ಅಲ್ಲ, ‘ಕಾಲಿಂಗ್ ಆನ್ ಇಟ್ಟರೆ ಎಷ್ಟು ದಿನ’ ಎಂಬುದು.

ಪರದೆಗೆ ಬನ್ನಿ. 1.83 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಅಳೆದ ಉದ್ದ. ಚಿತ್ರ ಎಷ್ಟು ನುಣುಪು ಎಂಬುದನ್ನು ಹೇಳುವುದು ಇಂಚಲ್ಲ, ಪಿಕ್ಸೆಲ್. ಅಗ್ಗದ ವಾಚಿನಲ್ಲಿ 240×284 ಇದ್ದರೆ ಇಂಚಿಗೆ ಸುಮಾರು 203 ಚುಕ್ಕಿ ಆಗುತ್ತದೆ. ಇನ್ನೊಂದು ಸಾವಿರ ರೂಪಾಯಿ ಏರಿದರೆ ಸಿಗಬಹುದಾದ 1.96 ಇಂಚಿನ ಅಮೊಲೆಡ್ ಪರದೆಯಲ್ಲಿ 410×502 ಇದ್ದರೆ ಸುಮಾರು 330. ಇಂಚು ಹೆಚ್ಚಿ ಪಿಕ್ಸೆಲ್ ಅಷ್ಟೇ ಉಳಿದರೆ ಅಂಕಿಯ ಅಂಚುಗಳು ಗರಗಸದ ಹಲ್ಲಾಗುತ್ತವೆ. ಆದರೆ ಜಾಹೀರಾತಿನಲ್ಲಿ ದಪ್ಪಕ್ಷರದ ಭಾಗ್ಯ ಇಂಚಿಗೆ ಮಾತ್ರ.

‘120 ಸ್ಪೋರ್ಟ್ಸ್ ಮೋಡ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗಿರುವುದು ಕೈಯ ಅಲುಗಾಟ ಗುರುತಿಸುವ ಒಂದು ಚಿಪ್ಪು, ಅದೇ ಎಲ್ಲ ಆಟಕ್ಕೂ ಅಂಪೈರು. ಹೊಂಡಬಿದ್ದ ರಸ್ತೆಯಲ್ಲಿ ಬೈಕಿನ ಮೇಲೆ ಕುಲುಕಿದರೂ ಅದು ಹೆಜ್ಜೆ ಎಣಿಸಬಹುದು, ನಗರಪಾಲಿಕೆಯ ಕೃಪೆಯಿಂದ ಗುರಿ ಮುಟ್ಟಿದ ಅಭಿನಂದನೆಯೂ ಬರಬಹುದು. ‘ಜಿಪಿಎಸ್’ ಎಂದು ಕಂಡರೆ ಅದರ ಹಿಂದೆ ‘ಕನೆಕ್ಟೆಡ್’ ಅಥವಾ ‘ಅಸಿಸ್ಟೆಡ್’ ಅಂಟಿಕೊಂಡಿದೆಯೇ ನೋಡಿ. ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಜಿಪಿಎಸ್ ಇರುವುದು ನಿಮ್ಮ ಜೇಬಿನ ಫೋನಿನಲ್ಲಿ, ಓಡುವಾಗ ಅದನ್ನೂ ಹೊತ್ತುಕೊಂಡೇ ಓಡಬೇಕು.

ನೀರಿನ ವಿಷಯ ಮಾತ್ರ ನಿಧಾನವಾಗಿ ಓದಬೇಕು. ಐಪಿ68ರಲ್ಲಿ 6 ಧೂಳಿನದು, 8 ನೀರಿನದು. ಐಪಿ67 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳಬೇಕು. 8ಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ, ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ಕಂಪನಿಯೇ ಹೇಳಬೇಕು. ಪರೀಕ್ಷೆ ನಡೆಯುವುದು ಸುಮ್ಮನೆ ನಿಂತ ಸಾದಾ ನೀರಿನಲ್ಲಿ. ನಮ್ಮ ಬಚ್ಚಲಿನಲ್ಲಿರುವುದು ಕುದಿಯುವ ಹಂಡೆ, ಹಬೆ, ಸೀಗೆಪುಡಿ, ಸೋಪು. ಬಿಸಿ ಮತ್ತು ಸೋಪಿಗೆ ಒಳಗಿನ ರಬ್ಬರ್ ಬಿಗಿ ಸಡಿಲವಾಗುತ್ತಾ ಹೋಗುತ್ತದೆ, ಈ ಅಂಕಿ ಅದಕ್ಕೆ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಇನ್ನು ವಾರಂಟಿ ಕಾಗದ ಬಿಚ್ಚಿ ನೋಡಿ. ನೀರು ನುಗ್ಗಿ ಕೆಟ್ಟರೆ ವಾರಂಟಿ ಇಲ್ಲ ಎಂದು ಅನೇಕ ಡಬ್ಬಿಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಮುಂಭಾಗ ಬರೆದವರಿಗೂ ಒಳಗಿನ ಕಾಗದ ಬರೆದವರಿಗೂ ಮಾತುಕತೆ ಇಲ್ಲವೆಂದು ಕಾಣುತ್ತದೆ. ಈಜುವವರು ಐಪಿ ಬಿಟ್ಟು 5 ಎಟಿಎಂ ಇದೆಯೇ ಎಂದು ಹುಡುಕಬೇಕು. ಅದು 50 ಮೀಟರ್ ನೀರಿನ ಒತ್ತಡಕ್ಕೆ ಸಮನಾದ ಪರೀಕ್ಷೆ, 50 ಮೀಟರ್ ಆಳಕ್ಕೆ ಮುಳುಗಲು ಕೊಟ್ಟ ಪರವಾನಗಿ ಅಲ್ಲ.

ಈಗ ಡಬ್ಬಿಯೊಳಗಿನ ಡಾಕ್ಟರು. ವಾಚಿನ ಬೆನ್ನಿನಲ್ಲಿ ಮಿನುಗುವ ಹಸಿರು ದೀಪ ಚರ್ಮದೊಳಕ್ಕೆ ಹೋಗುತ್ತದೆ. ರಕ್ತ ಹಸಿರನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ಏರಿ ಇಳಿಯುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಅದನ್ನು ಎಣಿಸಿದರೆ ನಾಡಿ. ಬೆಲ್ಟು ಸಡಿಲವಿದ್ದರೆ, ಕೈ ಅಲುಗುತ್ತಿದ್ದರೆ ಎಣಿಕೆ ತಪ್ಪುತ್ತದೆ. ರಕ್ತದ ಆಮ್ಲಜನಕ ಹೇಳಲು ಹಸಿರು ಸಾಲದು, ಕೆಂಪು ಮತ್ತು ಇನ್ಫ್ರಾರೆಡ್ ಎಂಬ ಎರಡು ಬೆಳಕು ಬೇಕು. ಆದ್ದರಿಂದ ಆಕ್ಸಿಜನ್ ಅಳೆಯಲು ಒತ್ತಿ, ವಾಚನ್ನು ಸ್ವಲ್ಪ ಎತ್ತಿ ಬೆನ್ನು ನೋಡಿ. ಕೆಂಪು ಬೆಳಗದೆ ಹಸಿರೊಂದೇ ಮಿನುಗಿ, ಆಮೇಲೆ ಧೈರ್ಯವಾಗಿ 98 ಎಂದು ಬಂದರೆ, ಆ 98ಕ್ಕೆ ಹೆತ್ತವರು ಯಾರು ಎಂದು ಕೇಳಿ.

ಬಾಳೆಹಣ್ಣಿಗೆ ವಾಚು ಕಟ್ಟಿ ‘ಹಣ್ಣಿಗೂ ನಾಡಿ ಇದೆ’ ಎಂದು ನಗುವ ವಿಡಿಯೋಗಳಿವೆ. ಅದರಿಂದ ಪೂರ್ತಿ ತೀರ್ಪು ಕೊಡಬೇಡಿ. ಬೆಳಕನ್ನು ಚದುರಿಸಿ ಮರಳಿಸುವ ವಸ್ತು ಸಿಕ್ಕರೆ ದುಬಾರಿ ವಾಚೂ ಗದ್ದಲದಲ್ಲಿ ತಾಳ ಕಂಡುಹಿಡಿದು ಏನೋ ಒಂದು ಅಂಕಿ ಒದರಬಹುದು. ನಿಜವಾದ ಪರೀಕ್ಷೆಗೆ ಹಣ್ಣು ಬೇಡ. ಕುರ್ಚಿಯಲ್ಲಿ ಕೂತು ಬೆರಳಿನಿಂದ ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಎರಡು ಮಹಡಿ ಹತ್ತಿ ಇಳಿದು ತಕ್ಷಣ ಮತ್ತೆ ಎಣಿಸಿ. ನಿಮ್ಮ ಎಣಿಕೆ 76ರಿಂದ 118ಕ್ಕೆ ಹಾರಿದ್ದರೂ ವಾಚು 78ರಲ್ಲೇ ಧ್ಯಾನಸ್ಥವಾಗಿದ್ದರೆ ಅದು ನಿಮ್ಮ ನಾಡಿಯನ್ನು ಅಳೆಯುತ್ತಿಲ್ಲ, ನಿಮ್ಮನ್ನು ಸಮಾಧಾನಪಡಿಸುತ್ತಿದೆ.

ಬಿಪಿ, ಶುಗರ್ ಕೂಡ ತೋರಿಸುತ್ತೇವೆ ಎನ್ನುವ ವಾಚುಗಳಿವೆ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆಂದು ಹೇಳಿಕೊಳ್ಳುವ ಸ್ಮಾರ್ಟ್‌ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಆ ಅಂಕಿ ನೋಡಿ ಇನ್ಸುಲಿನ್ ಪ್ರಮಾಣ ಬದಲಿಸಿಕೊಂಡರೆ ಪ್ರಾಣಕ್ಕೇ ಸಂಚಕಾರ. ಕಂಪನಿಗೆ ಮಾತ್ರ ಯಾವ ಚಿಂತೆಯೂ ಇಲ್ಲ, ನಕ್ಷತ್ರದ ಕೆಳಗೆ ‘ಇದು ವೈದ್ಯಕೀಯ ಸಾಧನವಲ್ಲ’ ಎಂದು ಬರೆದು ಕೈ ತೊಳೆದುಕೊಂಡಿರುತ್ತದೆ. ಕೈ ತೊಳೆದದ್ದು ಯಾವ ಐಪಿ ಮಟ್ಟದಲ್ಲೋ ತಿಳಿಯದು.

ಡಬ್ಬಿಯಲ್ಲಿ ಬರೆಯದೆ ಬಿಟ್ಟದ್ದು ಇನ್ನೊಂದಿದೆ. ಅಗ್ಗದ ವಾಚುಗಳಲ್ಲಿ ಕೆಲವಕ್ಕೆ ಕನ್ನಡ ಫಾಂಟೇ ಇರುವುದಿಲ್ಲ, ಇದ್ದರೂ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಮುನಿಸಿಕೊಂಡು ನಿಂತಿರುತ್ತದೆ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ವಾಚನ್ನು ಫೋನಿಗೆ ಜೋಡಿಸಿ, ಮನೆಯಿಂದ ಕನ್ನಡದಲ್ಲಿ ಒಂದು ವಾಟ್ಸಾಪ್ ಹಾಕಿಸಿ. ‘ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ’ ಎಂಬುದು ವಾಚಿನಲ್ಲಿ ಸಾಲಾಗಿ ಖಾಲಿ ಚೌಕಗಳಾಗಿ ಬಂದರೆ ವಾಚು ಬೇಡವೆನ್ನಿ. ಸೊಪ್ಪು ತರಲು ಮರೆತರೆ ಹೇಳಲೊಂದು ನೆಪ ಬೇಕೆನ್ನುವವರು ಮಾತ್ರ ಅದನ್ನೇ ಪ್ಯಾಕ್ ಮಾಡಿಸಿಕೊಳ್ಳಬಹುದು.